ಎರಡು ದಿನದ ಹೊಟ್ಟೆನೋವು ಎರಡು ವರ್ಷದ್ದಾದಾಗ

2025ರ ಜುಲೈ ಕೊನೆಯ ವಾರ ಸಿರುಗುಪ್ಪದ ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕ ಬರೆಯುವ ಒಬ್ಬರು ಬಳ್ಳಾರಿಯ ನಮ್ಮ ಮನೆಗೆ ಬಂದರು. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಚೀಲದ ತುಂಬ ಆಸ್ಪತ್ರೆ ಕಾಗದ. ಹೆಂಡತಿಗೆ ಅಪೆಂಡಿಕ್ಸ್ ಒಡೆದು, ಭಾನುವಾರ ರಾತ್ರಿ ಇಲ್ಲಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ಆಪರೇಷನ್ ಆಗಿತ್ತು. ಆಸ್ಪತ್ರೆಗೆ ನೇರವಾಗಿ ಹಣ ಕಟ್ಟುವ ಕ್ಯಾಶ್‌ಲೆಸ್ ಸೌಲಭ್ಯವನ್ನು ವಿಮಾ ಕಂಪನಿ ಕೊಡಲಿಲ್ಲ. ಬಿಲ್ಲು 1,34,800 ರೂಪಾಯಿ. ಅರ್ಧ ಗಿರಣಿ ಮಾಲೀಕರ ಹತ್ತಿರ ಸಾಲ, ಇನ್ನರ್ಧ ಹೆಂಡತಿಯ ಬಂಗಾರ ಅಡವಿಟ್ಟು ಕಟ್ಟಿದ್ದರು.

ಅಪೀಲು ಪತ್ರವನ್ನು ಅವರೇ ಬರೆದು ತಂದಿದ್ದರು, ಎರಡೂವರೆ ಪುಟ. "ನೋಡ್ರಿ ಸಾರ್, ಎಲ್ಲಾ ಬರದೀನಿ. ಇನ್ನೊಂದು ತಾಸು ತಡ ಆಗಿದ್ರ ಜೀವಕ್ಕ ಅಪಾಯ ಇತ್ತು ಅಂತ ಡಾಕ್ಟ್ರೇ ಅಂದಾರ, ಅದನ್ನೂ ಬರದೀನಿ." ಎಮರ್ಜೆನ್ಸಿ ಎಂಬ ಪದ ಅದರಲ್ಲಿ ಹನ್ನೊಂದು ಸಲ ಇತ್ತು. ಕಂಪನಿ ನಿರಾಕರಿಸಿದ್ದು ಯಾವ ಕಾರಣಕ್ಕೆ ಎಂಬುದು ಮಾತ್ರ ಒಂದು ಸಲವೂ ಇರಲಿಲ್ಲ.

ನಾನು ವಿಮಾ ಕಂಪನಿಯೊಂದರ ಕ್ಲೇಮ್ ವಿಭಾಗದಲ್ಲಿ ಇಂಥ ಪತ್ರಗಳನ್ನು ಓದಿಯೇ ನಿವೃತ್ತನಾದವನು. ಮೇಜಿನ ಆಚೆ ಕೂತವನ ಮುಂದೆ ಇರುವ ಪ್ರಶ್ನೆ ಒಂದೇ: ನಿರಾಕರಣೆಗೆ ಕೊಟ್ಟ ಕಾರಣ ನಿಲ್ಲುತ್ತದೋ ಇಲ್ಲವೋ. ತುರ್ತು ಆಪರೇಷನ್ ಅಲ್ಲ ಎಂದು ಕಂಪನಿ ಹೇಳೇ ಇಲ್ಲದಿರುವಾಗ ತುರ್ತಾಗಿತ್ತು ಎಂದು ಎಷ್ಟು ಪುಟ ಬರೆದರೂ ಆ ಪ್ರಶ್ನೆಗೆ ಉತ್ತರ ಸಿಕ್ಕುವುದಿಲ್ಲ. ದಾಖಲಾದ ಸುದ್ದಿಯನ್ನು ತಡವಾಗಿ ತಿಳಿಸಿದಿರಿ ಎಂದೋ, ಒಪ್ಪಂದವಿಲ್ಲದ ಆಸ್ಪತ್ರೆಗೆ ಹೋದಿರಿ ಎಂದೋ ತಕರಾರಿದ್ದರೆ ಎಮರ್ಜೆನ್ಸಿ ಎಂಬುದು ಉತ್ತರ. ಇವರ ಪ್ರಕರಣ ಅದಲ್ಲ.

ನಿರಾಕರಣೆ ಪತ್ರದಲ್ಲಿ ಇದ್ದದ್ದು ಮೂರೇ ಸಾಲು. ರೋಗಿಗೆ ಎರಡು ವರ್ಷದಿಂದ ಹೊಟ್ಟೆನೋವು ಇದೆ, ಪಾಲಿಸಿ ಶುರುವಾಗಿ ಇನ್ನೂ ಹದಿನಾಲ್ಕು ತಿಂಗಳು, ಆದ್ದರಿಂದ ಇದು ಪಾಲಿಸಿಗೆ ಮೊದಲೇ ಇದ್ದ ಕಾಯಿಲೆ, ಅಂಥದ್ದಕ್ಕೆ ಹಣ ಸಿಗುವ ಮೊದಲಿನ ಕಾಯುವ ಅವಧಿ ಮುಗಿದಿಲ್ಲ. ಲೆಕ್ಕವೇನೋ ಸರಿ. ಪಾಲಿಸಿ ಶುರುವಾದದ್ದು 2024ರ ಮೇ 10ಕ್ಕೆ, ಆಸ್ಪತ್ರೆಗೆ ಸೇರಿದ್ದು 2025ರ ಜುಲೈ 13ಕ್ಕೆ. ನೋವು ಎರಡು ವರ್ಷದ್ದಾದರೆ ಅದು ಪಾಲಿಸಿಗಿಂತ ಹತ್ತು ತಿಂಗಳು ಹಿರಿದು.

"ಎರಡು ವರ್ಷದಿಂದ ನೋವು ಇತ್ತೇನಪ್ಪಾ?" ಅಂದೆ.

"ಎಲ್ಲೀದು ಸಾರ್! ಶುಕ್ರವಾರ ಸಂಜಿಗೆ ಶುರುವಾತು. ಶನಿವಾರ ನಮ್ಮೂರ ಡಾಕ್ಟ್ರಿಗೆ ತೋರಿಸಿದ್ವಿ, ಭಾನುವಾರ ಇಲ್ಲಿಗೆ ಕರಕೊಂಡು ಬಂದ್ವಿ."

ಹಾಗಾದರೆ ಎರಡು ವರ್ಷ ಎಲ್ಲಿಂದ ಬಂತು? ಕ್ಯಾಶ್‌ಲೆಸ್ ಕೇಳುವಾಗ ಆಸ್ಪತ್ರೆಯಿಂದ ಕಂಪನಿಗೆ ಒಂದು ಫಾರ್ಮು ಹೋಗುತ್ತದೆ. ಅದರಲ್ಲಿ ವೈದ್ಯರು ತುಂಬಬೇಕಾದ ಭಾಗವೊಂದಿದೆ: ಈಗಿನ ತೊಂದರೆ ಎಷ್ಟು ದಿನದ್ದು, ಮೊದಲು ವೈದ್ಯರಿಗೆ ತೋರಿಸಿದ್ದು ಯಾವತ್ತು, ಸಕ್ಕರೆ ಕಾಯಿಲೆ, ಬಿ.ಪಿ. ಮುಂತಾದವು ಇದ್ದರೆ ಯಾವ ತಿಂಗಳು, ಯಾವ ವರ್ಷದಿಂದ. ವೈದ್ಯರು ಆಪರೇಷನ್ ಥಿಯೇಟರಿನಲ್ಲಿರುವಾಗ ಅದನ್ನು ಬಹಳ ಕಡೆ ತುಂಬುವವರು ಇನ್ಶೂರೆನ್ಸ್ ಡೆಸ್ಕಿನ ಹುಡುಗರು. ವೈದ್ಯರು ಆಮೇಲೆ ಸಹಿ ಹಾಕುತ್ತಾರೆ. ಕ್ಯಾಶ್‌ಲೆಸ್ ಕೋರಿಕೆಗೆ ಒಂದು ತಾಸಿನೊಳಗೆ ಉತ್ತರ ಕೊಡಬೇಕೆಂದು ವಿಮಾ ನಿಯಂತ್ರಕ ಸಂಸ್ಥೆ ಐಆರ್‌ಡಿಎಐ 2024ರ ಮೇ ತಿಂಗಳ ಸುತ್ತೋಲೆಯಲ್ಲಿ ಹೇಳಿದೆ. ಆ ಒಂದು ತಾಸಿನಲ್ಲಿ ಕಂಪನಿಯವನು ನೋಡುವುದು ಹೆಚ್ಚಾಗಿ ಈ ಫಾರ್ಮನ್ನೇ.

ಫಾರ್ಮಿನ ನಕಲು ತರಿಸಿದೆವು. ಆ ಕಲಮಿನಲ್ಲಿ 2 ವರ್ಷ ಎಂದೇ ಇತ್ತು. ಕೇಸ್ ಶೀಟಿನ ಮೊದಲ ಪುಟದಲ್ಲಿ, ಅವರು ಬಂದಿಳಿದಾಗ ಕ್ಯಾಶುಯಲ್ಟಿ ವೈದ್ಯರು ಬರೆದದ್ದು 2 ಅಂಕಿ, ಪಕ್ಕದಲ್ಲಿ ದಿನಕ್ಕೆ ಸಂಕೇತವಾಗಿ ಇಂಗ್ಲಿಷಿನ 'ಡಿ' ಅಕ್ಷರ. ಅವಸರದ ಕೈಬರಹ, ಬಾಲ ಕೆಳಗೆ ಇಳಿದಿತ್ತು. ಡೆಸ್ಕಿನ ಹುಡುಗ ಅದನ್ನು 'ವೈ' ಎಂದು ಓದಿ ವರ್ಷ ಮಾಡಿದ್ದ. 1,34,800 ರೂಪಾಯಿ ಆ ಬಾಲಕ್ಕೆ ಜೋತುಬಿದ್ದಿತ್ತು.

ಕೇಸ್ ಶೀಟು ಕೇಳಿದರೆ ಆಸ್ಪತ್ರೆಯವರು ಕೊಡುವುದಿಲ್ಲ ಎಂದು ಹೆದರುವವರಿದ್ದಾರೆ. ಲಿಖಿತವಾಗಿ ಕೇಳಿದ 72 ತಾಸಿನೊಳಗೆ ದಾಖಲೆ ಕೊಡಬೇಕೆಂದು ವೈದ್ಯರ ವೃತ್ತಿ ನಡವಳಿಕೆಯ 2002ರ ನಿಯಮವೇ ಹೇಳುತ್ತದೆ. ಕೋರಿಕೆ ಪತ್ರದ ನಕಲಿನ ಮೇಲೆ ಸ್ವೀಕೃತಿ ಸಹಿ ಹಾಕಿಸಿಕೊಂಡರೆ ಸಾಕು, ಜಗಳ ಬೇಕಾಗುವುದಿಲ್ಲ.

ತಪ್ಪು ಗೊತ್ತಾದ ಕೂಡಲೇ ಆಸ್ಪತ್ರೆಯವರು, "ತರ್ರಿ, ಕೇಸ್ ಶೀಟ್‌ನಾಗೇ ತಿದ್ದಿ ಕೊಡ್ತೀವಿ" ಅಂದರಂತೆ. ಒಳ್ಳೆಯ ಮನಸ್ಸಿನಿಂದಲೇ ಅಂದಿರಬೇಕು. ನಾನು ಬೇಡವೇ ಬೇಡ ಅಂದೆ. ಕಂಪನಿ ತನಿಖೆಗೆ ಕಳಿಸಿದವನು ಮೊದಲೇ ನಕಲು ತೆಗೆದುಕೊಂಡು ಹೋಗಿದ್ದು, ನಾವು ಕೊಟ್ಟದ್ದು ಅದಕ್ಕಿಂತ ಬೇರೆ ಇದ್ದರೆ ನಿಜವಾದ ಕ್ಲೇಮೂ ಸುಳ್ಳಿನ ಕ್ಲೇಮಾಗುತ್ತದೆ. ಬರೆದದ್ದು ಬರೆದ ಹಾಗೇ ಇರಬೇಕು. ಸರ್ಜನ್ ತಮ್ಮ ಲೆಟರ್‌ಹೆಡ್ಡಿನಲ್ಲಿ, ಇವತ್ತಿನ ತಾರೀಖು ಮತ್ತು ನೋಂದಣಿ ಸಂಖ್ಯೆ ಹಾಕಿ, ಫಾರ್ಮಿನಲ್ಲಿ ವರ್ಷ ಎಂದಿರುವುದು ಬರೆಯುವಾಗ ಆದ ತಪ್ಪು, ಕೇಸ್ ಶೀಟಿನ ಮೊದಲ ಪುಟದಲ್ಲಿರುವುದು ಎರಡು ದಿನ ಎಂದು ಬೇರೆಯೇ ಒಂದು ಸ್ಪಷ್ಟೀಕರಣ ಕೊಡಬೇಕು. ರೋಗಿ ಇನ್ನೂ ವಾರ್ಡಿನಲ್ಲಿರುವಾಗಲೇ ಇದು ತಿಳಿದಿದ್ದರೆ ಇದೇ ಪತ್ರವನ್ನು ಡೆಸ್ಕಿನಿಂದ ಕಂಪನಿಗೆ ಕಳಿಸಿ ಮರುಪರಿಶೀಲನೆ ಕೇಳಬಹುದಿತ್ತು. ಬಂಗಾರ ಮನೆಯಲ್ಲೇ ಉಳಿಯುತ್ತಿತ್ತೋ ಏನೋ.

ಆದರೆ ಆಪರೇಷನ್ ಆದಮೇಲೆ ಬರೆದ ಸ್ಪಷ್ಟೀಕರಣಕ್ಕೆ ಕ್ಲೇಮ್ ವಿಭಾಗದಲ್ಲಿ ಅರ್ಧ ಬೆಲೆ. ಪೂರ್ತಿ ಬೆಲೆ ಇರುವುದು ವಿಮೆಯ ನೆನಪೇ ಯಾರಿಗೂ ಇಲ್ಲದಾಗ ಹುಟ್ಟಿದ ಕಾಗದಕ್ಕೆ. ಅಂಥದ್ದು ಪ್ಲಾಸ್ಟಿಕ್ ಚೀಲದ ತಳದಲ್ಲೇ ಇತ್ತು. ಸಿರುಗುಪ್ಪದ ವೈದ್ಯರು ಶನಿವಾರ ಬರೆದ ಚೀಟಿ: ನಿನ್ನೆಯಿಂದ ಹೊಟ್ಟೆನೋವು, ವಾಂತಿ, ಕೆಳಹೊಟ್ಟೆಯ ಬಲಗಡೆ ಮುಟ್ಟಿದರೆ ನೋವು, ಬಳ್ಳಾರಿಗೆ ಹೋಗಿ ಸ್ಕ್ಯಾನಿಂಗ್ ಮಾಡಿಸಿ. ಹಿಂಬದಿಯಲ್ಲಿ ಯಾರೋ ಹಾಲಿನ ಲೆಕ್ಕ ಬರೆದಿದ್ದರು. ಅದು ಹಾಗೇ ಇರಲಿ ಅಂದೆ.

ಇನ್ನೊಂದು ಕಾಗದ ಕ್ಯಾಶ್‌ಲೆಸ್ ಕೇಳಿದ ದಿನ ಹುಟ್ಟಿಯೇ ಇರಲಿಲ್ಲ. ತೆಗೆದ ಅಪೆಂಡಿಕ್ಸನ್ನು ಲ್ಯಾಬಿಗೆ ಕಳಿಸಿದರೆ ಬಯಾಪ್ಸಿ ವರದಿ ಬರುವುದು ದಿನಗಳ ನಂತರ. ಅದರಲ್ಲಿ ತೀವ್ರ ಉರಿಯೂತ, ಕೀವು, ರಂಧ್ರ ಎಂದಿತ್ತು. ಬಹುಕಾಲದ ಉರಿಯೂತದಲ್ಲಿ ಕಾಣುವ ನಾರುಗಟ್ಟಿದ ಲಕ್ಷಣದ ಮಾತಿರಲಿಲ್ಲ. ಡಿಸ್ಚಾರ್ಜ್ ಆದಮೇಲೆ ಈ ವರದಿ ತರುವುದನ್ನು ಎಷ್ಟೋ ಮಂದಿ ಮರೆಯುತ್ತಾರೆ.

ಇನ್ನು ಕಾನೂನಿನ ಮಾತು. 'ಮೊದಲೇ ಇದ್ದ ಕಾಯಿಲೆ' ಎಂದರೆ ಪಾಲಿಸಿಗೆ ಹಿಂದಿನ 36 ತಿಂಗಳಲ್ಲಿ ವೈದ್ಯರು ಗುರುತಿಸಿದ, ಇಲ್ಲವೇ ಆ ಅವಧಿಯಲ್ಲಿ ವೈದ್ಯರ ಸಲಹೆ ಅಥವಾ ಚಿಕಿತ್ಸೆ ಪಡೆದ ಕಾಯಿಲೆ ಎಂದು ಈಗಿನ ವ್ಯಾಖ್ಯೆ. ಲಕ್ಷಣ ಇದ್ದರೆ ಸಾಕು ಎಂಬುದು ಹಳೆಯ ವ್ಯಾಖ್ಯೆಯಲ್ಲಿತ್ತು, ಈಗಿಲ್ಲ. ಎಂದರೆ ಎರಡು ವರ್ಷದಿಂದ ಆಗೀಗ ಹೊಟ್ಟೆ ನೋಯುತ್ತಿತ್ತು ಎಂದೇ ಒಪ್ಪಿಕೊಂಡರೂ, ಯಾವ ವೈದ್ಯರು, ಯಾವ ತಾರೀಖಿಗೆ, ಏನೆಂದು ಗುರುತಿಸಿದರು ಎಂಬುದನ್ನು ಕಂಪನಿ ತೋರಿಸಬೇಕು. ಜೊತೆಗೆ ಯಾವ ಕ್ಲೇಮನ್ನೂ ಕಂಪನಿಯೊಳಗಿನ ಪರಿಶೀಲನಾ ಸಮಿತಿಯ ಒಪ್ಪಿಗೆ ಇಲ್ಲದೆ ತಿರಸ್ಕರಿಸಬಾರದು, ಪಾಲಿಸಿಯ ಯಾವ ಷರತ್ತು ಎಂದು ತಿರಸ್ಕಾರದ ಪತ್ರದಲ್ಲಿ ಹೇಳಬೇಕು ಎಂದು ಅದೇ 2024ರ ಸುತ್ತೋಲೆಯಲ್ಲಿದೆ.

ಎರಡೂವರೆ ಪುಟ ಹೋಗಿ ಒಂದು ಪುಟ ಬಂತು. ವಿಳಾಸ ಕಂಪನಿಯ ಕುಂದುಕೊರತೆ ಅಧಿಕಾರಿಗೆ. ವಿಷಯದ ಸಾಲಿನಲ್ಲಿ ಪಾಲಿಸಿ ಸಂಖ್ಯೆ, ಕ್ಲೇಮ್ ಸಂಖ್ಯೆ, ನಿರಾಕರಣೆ ಪತ್ರದ ತಾರೀಖು. ಒಡಲು ಹೀಗೆ:

"ಎರಡು ವರ್ಷದ ಹೊಟ್ಟೆನೋವು ಎಂಬ ಒಂದೇ ಕಾರಣಕ್ಕೆ ಕ್ಯಾಶ್‌ಲೆಸ್ ನಿರಾಕರಿಸಿದ್ದೀರಿ. ಈ ಮಾತು ಇರುವುದು ಆಸ್ಪತ್ರೆಯ ಕೋರಿಕೆ ಫಾರ್ಮಿನಲ್ಲಿ ಮಾತ್ರ, ಅದು ಬರೆಯುವಾಗ ಆದ ತಪ್ಪು. ಜುಲೈ 12ರ ಸಿರುಗುಪ್ಪದ ವೈದ್ಯರ ಚೀಟಿಯಲ್ಲಿ ನೋವು ಹಿಂದಿನ ದಿನದಿಂದ ಎಂದಿದೆ (ಲಗತ್ತು 1). ಜುಲೈ 13ರ ಕೇಸ್ ಶೀಟಿನ ಮೊದಲ ಪುಟದಲ್ಲಿ ಎರಡು ದಿನ ಎಂದಿದೆ (ಲಗತ್ತು 2). ಸರ್ಜನ್ ಅವರ ಸ್ಪಷ್ಟೀಕರಣ ಲಗತ್ತು 3. ಕಾಯಿಲೆ ತೀವ್ರ ಸ್ವರೂಪದ್ದೆಂದು ಬಯಾಪ್ಸಿ ವರದಿ ಹೇಳುತ್ತದೆ (ಲಗತ್ತು 4). ಪಾಲಿಸಿಗೆ ಮೊದಲು ಈ ಕಾಯಿಲೆಯನ್ನು ಯಾವ ವೈದ್ಯರೂ ಗುರುತಿಸಿಲ್ಲ, ಚಿಕಿತ್ಸೆ ಪಡೆದಿಲ್ಲ. ಬೇರೆ ದಾಖಲೆ ತಮ್ಮಲ್ಲಿದ್ದರೆ ನಕಲು ಕೊಡಿ. ಮೂಲ ಬಿಲ್ಲುಗಳೊಂದಿಗೆ ರೀಇಂಬರ್ಸ್‌ಮೆಂಟ್ ಕ್ಲೇಮನ್ನು ಇಂದೇ ಸಲ್ಲಿಸಿದ್ದೇನೆ. 1,34,800 ರೂಪಾಯಿ ಮಂಜೂರು ಮಾಡಿ. ಇಲ್ಲವಾದರೆ ಪಾಲಿಸಿಯ ಯಾವ ಷರತ್ತಿನಡಿ, ಪರಿಶೀಲನಾ ಸಮಿತಿ ಯಾವ ತಾರೀಖಿಗೆ ತಿರಸ್ಕರಿಸಿತು ಎಂದು ಬರೆದು ತಿಳಿಸಿ."

ರೀಇಂಬರ್ಸ್‌ಮೆಂಟ್ ಸಾಲು ಅಲ್ಲಿ ಬಂದದ್ದಕ್ಕೆ ಕಾರಣವಿದೆ. ಕ್ಯಾಶ್‌ಲೆಸ್ ನಿರಾಕರಿಸಿದರೆ ಕ್ಲೇಮ್ ಸತ್ತಂತಲ್ಲ, ಮೊದಲು ಹಣ ಕಟ್ಟಿ ಆಮೇಲೆ ಕೇಳುವ ಹಕ್ಕು ಉಳಿದಿರುತ್ತದೆ. ಬರೀ ಅಪೀಲು ಕಳಿಸಿದರೆ "ಕ್ಲೇಮ್ ಸಲ್ಲಿಸಿ, ನೋಡೋಣ" ಎಂಬ ಉತ್ತರ ಬಂದು ತಿಂಗಳು ಕಳೆಯುತ್ತದೆ. ಅಷ್ಟರಲ್ಲಿ ದಾಖಲೆ ಸಲ್ಲಿಸಲು ಪಾಲಿಸಿಯಲ್ಲಿರುವ ಗಡುವು ಮುಗಿಯುತ್ತದೆ. ಬಹಳಷ್ಟು ಪಾಲಿಸಿಗಳಲ್ಲಿ ಅದು ಡಿಸ್ಚಾರ್ಜ್ ಆಗಿ 15ರಿಂದ 30 ದಿನ. ಮೂಲ ಕಾಗದ ಕೊಡುವ ಮೊದಲು ಎಲ್ಲದರ ಫೋಟೊ ತೆಗೆದಿಟ್ಟುಕೊಳ್ಳಬೇಕು, ಹಾಲಿನ ಲೆಕ್ಕವೂ ಸೇರಿ.

ಇದೇ ಪತ್ರ ಎಲ್ಲರಿಗೂ ಕೆಲಸಕ್ಕೆ ಬಾರದು. ಅದೇ ತಿಂಗಳು ಕುರುಗೋಡಿನ ಹಿರಿಯರೊಬ್ಬರು ಬಂದಿದ್ದರು. ಹರ್ನಿಯಾ ಸಿಕ್ಕಿಕೊಂಡು ತುರ್ತು ಆಪರೇಷನ್, ಪಾಲಿಸಿಗೆ ಹನ್ನೊಂದು ತಿಂಗಳು. ಹರ್ನಿಯಾ, ಪಿತ್ತಕೋಶದ ಕಲ್ಲು, ಮೂಲವ್ಯಾಧಿ ಇಂಥವುಗಳಿಗೆ ಕಾಯಿಲೆಯ ಹೆಸರು ಹಿಡಿದೇ ಕಾಯುವ ಅವಧಿ ಇರುತ್ತದೆ, ಅವರ ಪಾಲಿಸಿಯಲ್ಲಿ ಅದು ಎರಡು ವರ್ಷ. ಅಪಘಾತದಿಂದ ಆಗಿದ್ದರೆ ವಿನಾಯಿತಿ, ತುರ್ತು ಎಂಬ ಕಾರಣಕ್ಕೆ ಇಲ್ಲ. ಹಿಂದಿನ ಕಂಪನಿಯಿಂದ ಪಾಲಿಸಿ ವರ್ಗಾಯಿಸಿಕೊಂಡಿದ್ದರೆ ಹಳೆಯ ವರ್ಷಗಳು ಲೆಕ್ಕಕ್ಕೆ ಸೇರುತ್ತವೆ, ಅದನ್ನಷ್ಟೇ ಕೇಳಿದೆ. ಅವರದು ಹೊಸ ಪಾಲಿಸಿ. ಬರೆಯಬೇಡಿ ಅಂತ ಹೇಳಿ, ಚಹಾ ಕುಡಿಸಿ ಕಳಿಸಿದೆ. ಅವರಿಗೆ ನನ್ನ ಮೇಲೆ ಈಗಲೂ ಸಿಟ್ಟಿದೆ.

ಕುಂದುಕೊರತೆ ಅಧಿಕಾರಿ ಎರಡು ವಾರದಲ್ಲಿ ಉತ್ತರಿಸಬೇಕು. ಐಆರ್‌ಡಿಎಐನ ಬಿಮಾ ಭರೋಸಾ ಜಾಲತಾಣದಲ್ಲೂ ದೂರು ದಾಖಲಿಸಬಹುದು, ಕರೆ ಮಾಡಲು 155255. ಕಂಪನಿ ತಿರಸ್ಕರಿಸಿದರೆ, ಇಲ್ಲವೇ ಒಂದು ತಿಂಗಳು ಸುಮ್ಮನಿದ್ದರೆ, ಇಂಥ ದೂರು ಕೇಳಿ ತೀರ್ಮಾನಿಸುವ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಕಚೇರಿ ಇದೆ. ಒಂದು ವರ್ಷದೊಳಗೆ ಹೋಗಬೇಕು, ಪರಿಹಾರದ ಮಿತಿ 50 ಲಕ್ಷ, ಶುಲ್ಕವಿಲ್ಲ, ವಕೀಲರಿಗೆ ಅಲ್ಲಿ ಜಾಗವೂ ಇಲ್ಲ. ವಿಡಿಯೊ ವಿಚಾರಣೆಗೂ ಅವಕಾಶವಿದೆ.

ಗಿರಣಿಯವರಿಗೆ ಅಲ್ಲಿಯ ತನಕ ಹೋಗುವ ಕೆಲಸ ಬೀಳಲಿಲ್ಲ. ಹತ್ತೊಂಬತ್ತನೇ ದಿನ ಖಾತೆಗೆ 1,21,600 ರೂಪಾಯಿ ಬಂತು. ಮರುದಿನ ಮತ್ತೆ ಬಂದರು. "ಸಾರ್, ಇನ್ನೂ 13,200 ಹಿಡದಾರ. ಇದಕ್ಕೂ ಒಂದು ಪತ್ರ ಹಾಕೋಣೇನ್ರಿ?" ಕಡಿತದ ಪಟ್ಟಿ ಓದಿದೆ. ಕೈಗವಸು, ಮಾಸ್ಕು, ನೋಂದಣಿ ಶುಲ್ಕ, ಜೊತೆಗಿದ್ದವರ ಊಟ, ಪಾಲಿಸಿ ಕೊಡುವುದಿಲ್ಲವೆಂದು ಪಟ್ಟಿ ಮಾಡಿದ ಇನ್ನೂ ಕೆಲವು. ಒಂದು ಸಾಲು ಮಾತ್ರ ಸರಿ ಕಾಣಲಿಲ್ಲ: ಬಯಾಪ್ಸಿ ಶುಲ್ಕ 1,400 ರೂಪಾಯಿ, ರಸೀದಿ ಇಲ್ಲ ಎಂದು ಕಡಿತ. ರಸೀದಿ ಚೀಲದಲ್ಲೇ ಇತ್ತು. ಅದಕ್ಕೆ ಎರಡು ಸಾಲು ಬರೆದು ಕೊಟ್ಟೆ.