ಪಾಲಿಸೈಥೀಮಿಯಾ ವೆರಾ: ರಕ್ತ ತೆಗೆಯುತ್ತೇವೆ, ಐರನ್ ಮಾತ್ರ ಕೊಡುವುದಿಲ್ಲ. ಯಾಕೆ?

ಪಾಲಿಸೈಥೀಮಿಯಾ ವೆರಾ ಅಂದರೆ ಮೂಳೆಯ ಮಜ್ಜೆ ಹಿಡಿತ ತಪ್ಪಿ ಕೆಂಪು ಕಣಗಳನ್ನು ಅತಿಯಾಗಿ ತಯಾರಿಸುವ ರೋಗ. ಆದರೆ ಕಲಬುರಗಿಯ ಬೇಸಿಗೆಯಲ್ಲಿ ಹಿಮೊಗ್ಲೋಬಿನ್ ಜಾಸ್ತಿ ಬಂದ ರಿಪೋರ್ಟ್ ಕೈಗೆ ಬಂದರೆ ಮೊದಲು ನೀರಿನ ಬಗ್ಗೆ ಕೇಳಬೇಕು. ಬಿಸಿಲಲ್ಲಿ ದುಡಿದು ನೀರು ಕಡಿಮೆ ಕುಡಿದವರಲ್ಲಿ ಪ್ಲಾಸ್ಮಾ ಕುಗ್ಗುತ್ತದೆ, ಕೆಂಪು ಕಣ ಹೆಚ್ಚಿದಂತೆ ಕಾಣುತ್ತದೆ. ಬೀಡಿ ಸೇದುವವರಲ್ಲೂ ಏರುತ್ತದೆ. ಆದರೆ ಈ ಎರಡರಲ್ಲೂ ಬಿಳಿ ಕಣ, ಪ್ಲೇಟ್‌ಲೆಟ್, ಗುಲ್ಮ ಮೂರೂ ಒಟ್ಟಿಗೆ ಹೆಚ್ಚುವುದಿಲ್ಲ.

ಒಂದು ಕಲ್ಪಿತ ಕೇಸ್ ನೋಡೋಣ. ಸೇಡಂ ಕಡೆಯ 63 ವರ್ಷದ ತೊಗರಿ ಬೆಳೆಗಾರ. ಬೀಡಿ ಇಲ್ಲ, ಆಕ್ಸಿಜನ್ ಸ್ಯಾಚುರೇಶನ್ 97. ಹಿಮೊಗ್ಲೋಬಿನ್ 19.2, ರಕ್ತದಲ್ಲಿ ಕೆಂಪು ಕಣಗಳ ಶೇಕಡಾ ಪಾಲು ಹೇಳುವ ಹೆಮಟೋಕ್ರಿಟ್ 58, ಬಿಳಿ ಕಣ 14,800, ಪ್ಲೇಟ್‌ಲೆಟ್ 5.6 ಲಕ್ಷ. ನೀರು ಕುಡಿಸಿ ಮತ್ತೆ ನೋಡಿದರೂ ಅಷ್ಟೇ. ಗುಲ್ಮ ಕೈಗೆ ಸಿಗುತ್ತದೆ. ಆತ ಹೇಳಿದ್ದು: "ಬಿಸಿ ನೀರು ಮೈಮ್ಯಾಲೆ ಬಿದ್ರ ಭಾಳ ತುರಸ್ತದ್ರೀ." ಚರ್ಮದ ಕಾಯಿಲೆ ಅಂದುಕೊಂಡು ಬಿಟ್ಟುಬಿಡುವ ಮಾತಿದು. ಸ್ನಾನದ ನಂತರದ ತುರಿಕೆ ಈ ರೋಗದ ಬಹಳ ಒಳ್ಳೆಯ ಸುಳಿವು.

ಪರೀಕ್ಷೆ ಮಾಡಿದಾಗ ಕೆಂಪು ಕಣ ತಯಾರಿಸಲು ಹೇಳುವ ಹಾರ್ಮೋನ್ ಎರಿಥ್ರೊಪೊಯೆಟಿನ್ ಕಡಿಮೆ, `JAK2 V617F` ಪಾಸಿಟಿವ್. ಎರಡೂ ಒಂದೇ ಕಥೆ ಹೇಳುತ್ತವೆ. ಎರಿಥ್ರೊಪೊಯೆಟಿನ್ ಬಂದು ರಿಸೆಪ್ಟರ್‌ಗೆ ಅಂಟಿದಾಗ ಜೀವಕೋಶದ ಒಳಗೆ ಸಂದೇಶ ದಾಟಿಸುವ ಕಿಣ್ವವೇ ಜ್ಯಾಕ್-2. ಅದರಲ್ಲೇ ಒಂದು ಬ್ರೇಕ್ ಭಾಗ ಇದೆ. 617ನೇ ಜಾಗದಲ್ಲಿ ವ್ಯಾಲಿನ್ ಹೋಗಿ ಫಿನೈಲ್‌ಅಲನಿನ್ ಬಂದರೆ ಆ ಬ್ರೇಕ್ ಹಿಡಿಯುವುದಿಲ್ಲ. ಹಾರ್ಮೋನ್ ಇಲ್ಲದಿದ್ದರೂ ಕಣಗಳ ತಯಾರಿ ನಡೆಯುತ್ತಲೇ ಇರುತ್ತದೆ. ಕಣ ಹೆಚ್ಚಾದಂತೆ ಮೂತ್ರಪಿಂಡ ಹಾರ್ಮೋನ್ ಇಳಿಸುತ್ತದೆ. 2005ರಲ್ಲಿ ಪತ್ತೆಯಾದ ಈ ಮ್ಯುಟೇಶನ್ ಪಾಲಿಸೈಥೀಮಿಯಾ ವೆರಾ ಇರುವವರಲ್ಲಿ ಸುಮಾರು 95% ಜನರಲ್ಲಿ ಸಿಗುತ್ತದೆ. ಆದರೆ ಎಸೆನ್ಷಿಯಲ್ ಥ್ರಾಂಬೊಸೈಥೀಮಿಯಾ, ಮೈಲೊಫೈಬ್ರೋಸಿಸ್ ಎಂಬ ಮಜ್ಜೆಯ ಬೇರೆ ರೋಗಗಳಲ್ಲೂ ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಇರುತ್ತದೆ. ಹಾಗಾಗಿ ಪಾಸಿಟಿವ್ ಬಂದ ಮಾತ್ರಕ್ಕೆ ಯಾವ ರೋಗ ಅಂತ ಗೊತ್ತಾಗದು, ಕೆಂಪು ಕಣದ ಲೆಕ್ಕವೂ ಬೇಕು.

ಚಿಕಿತ್ಸೆಯ ಗುರಿ ಹೆಮಟೋಕ್ರಿಟ್ 45ಕ್ಕಿಂತ ಕೆಳಗೆ ಇಡುವುದು. ಈ ಅಂಕಿ ಸುಮ್ನೆ ಬಂದದ್ದಲ್ಲ. 2013ರಲ್ಲಿ ಪ್ರಕಟವಾದ ಇಟಲಿಯ ಅಧ್ಯಯನದಲ್ಲಿ 45ರಿಂದ 50ರೊಳಗೆ ಇಟ್ಟವರಲ್ಲಿ ಹೃದಯ-ರಕ್ತನಾಳದ ಸಾವು ಮತ್ತು ದೊಡ್ಡ ರಕ್ತ ಹೆಪ್ಪುಗಟ್ಟುವಿಕೆ ಸುಮಾರು ನಾಲ್ಕು ಪಟ್ಟು ಆಗಿತ್ತು. ಈತನಿಗೆ ಕಡಿಮೆ ಡೋಸ್ ಆಸ್ಪಿರಿನ್ ಜೊತೆಗೆ, 350 ಎಂಎಲ್ ಚೀಲದಲ್ಲಿ ರಕ್ತ ತೆಗೆಯುವುದು ಶುರುವಾಯಿತು.

ಈಗ ಲೆಕ್ಕ ಹಾಕಿ. 350 ಎಂಎಲ್ ರಕ್ತದಲ್ಲಿ ಸುಮಾರು 67 ಗ್ರಾಂ ಹಿಮೊಗ್ಲೋಬಿನ್. ಒಂದು ಗ್ರಾಂಗೆ 3.4 ಮಿಲಿಗ್ರಾಂ ಕಬ್ಬಿಣ ಅಂದರೆ, ಒಂದು ಚೀಲಕ್ಕೆ ಸುಮಾರು 228 ಮಿಲಿಗ್ರಾಂ ಹೋಯಿತು. ಊಟದಿಂದ ಮೈಗೆ ಸೇರುವುದು ದಿನಕ್ಕೆ ಒಂದೆರಡು ಮಿಲಿಗ್ರಾಂ. ಕೆಲವು ಚೀಲ ತೆಗೆಯುವಷ್ಟರಲ್ಲಿ ಕಬ್ಬಿಣದ ದಾಸ್ತಾನು ಖಾಲಿ. ಬ್ರೇಕ್ ಇಲ್ಲದ ಮಜ್ಜೆಗೆ ಕಚ್ಚಾ ಮಾಲು ಸಿಗದಂತೆ ಮಾಡಿ ಅದರ ವೇಗ ತಗ್ಗಿಸುವುದೂ ಇಲ್ಲಿಯ ಉದ್ದೇಶವೇ. ಈತನಲ್ಲಿ ಮೊದಲೇ ಸ್ವಲ್ಪ ಕೊರತೆ ಇತ್ತು: ಕೆಂಪು ಕಣ 78 ಲಕ್ಷ, ಕಣದ ಸರಾಸರಿ ಗಾತ್ರ ಹೇಳುವ ಎಂಸಿವಿ 74. ಕಣಗಳು ಲೆಕ್ಕದಲ್ಲಿ ಜಾಸ್ತಿ, ಗಾತ್ರದಲ್ಲಿ ಚಿಕ್ಕವು.

ಎಡವಟ್ಟು ಆಗುವುದು ಇಲ್ಲೇ. ಹೆಮಟೋಕ್ರಿಟ್ 44ಕ್ಕೆ ಇಳಿದ ಮೇಲೆ ಸುಸ್ತು ಅಂತ ಊರಿನ ಕ್ಲಿನಿಕ್‌ಗೆ ಹೋದ. ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ 6 ನೋಡಿ ಐರನ್ ಮಾತ್ರೆ ಬರೆದರು. ಅಲ್ಲಿ ಕೂತು ನೋಡಿದರೆ ಅದು ಸರಿಯಾದ ಚಿಕಿತ್ಸೆಯೇ, ಅಲ್ವಾ? ಆರು ವಾರದಲ್ಲಿ ಹೆಮಟೋಕ್ರಿಟ್ 51. ಮಾತ್ರೆ ನಿಲ್ಲಿಸಿ ಮತ್ತೆ ರಕ್ತ ತೆಗೆಯಬೇಕಾಯಿತು. ಒಪಿಡಿ ಚೀಟಿಯ ಮೇಲೆಯೇ 'ಐರನ್ ಕೊಡಬೇಡಿ' ಎಂದು ದೊಡ್ಡದಾಗಿ ಬರೆದುಬಿಡುವುದು ಒಳ್ಳೆಯದು.

ಹಾಗಾದರೆ ಸುಸ್ತಿಗೆ ದಾರಿ ಏನು? ಕಣ ತಯಾರಿಯನ್ನೇ ತಗ್ಗಿಸುವ ಔಷಧಿ. ಅರವತ್ತು ದಾಟಿದ್ದರಿಂದ ಈತ ಹೆಚ್ಚು ಅಪಾಯದ ಗುಂಪಿನವನು, ಹೇಗೂ ಅದು ಬೇಕೇ ಬೇಕು. ಹೈಡ್ರಾಕ್ಸಿಯೂರಿಯಾ 500 ಮಿಲಿಗ್ರಾಂ ಕ್ಯಾಪ್ಸೂಲ್‌ನಿಂದ ಶುರು ಮಾಡಿ, ರಕ್ತ ಪರೀಕ್ಷೆ ನೋಡುತ್ತಾ ಏರಿಸುತ್ತಾರೆ. ರಕ್ತ ತೆಗೆಯುವುದು ಕಡಿಮೆಯಾದಂತೆ ಕಬ್ಬಿಣ ಊಟದಿಂದಲೇ ನಿಧಾನವಾಗಿ ತುಂಬುತ್ತದೆ. ಬಿಳಿ ಕಣ, ಪ್ಲೇಟ್‌ಲೆಟ್ ತೀರಾ ಇಳಿಯುತ್ತಿವೆಯೇ, ಬಾಯಲ್ಲಿ ಅಥವಾ ಕಾಲಿನ ಗಿಣ್ಣಿನ ಹತ್ತಿರ ಹುಣ್ಣು ಬಂದಿದೆಯೇ ಅಂತ ಪ್ರತಿ ಸಲ ನೋಡಬೇಕು. ಈ ಔಷಧಿ ಮೈಗೆ ಒಗ್ಗದಿದ್ದರೆ ಅಥವಾ ಫಲ ಕೊಡದಿದ್ದರೆ ರುಕ್ಸೊಲಿಟಿನಿಬ್ ಇದೆ. ವಯಸ್ಸು ಕಡಿಮೆ ಇರುವವರಿಗೆ ಇಂಟರ್‌ಫೆರಾನ್ ಕೂಡ.

ಲ್ಯಾಬ್‌ನವರಿಗೆ ಇನ್ನೊಂದು ಮಾತು. ಹೈಡ್ರಾಕ್ಸಿಯೂರಿಯಾ ಎಂಸಿವಿಯನ್ನು ಏರಿಸುತ್ತದೆ. ಆಗ 74 ಇದ್ದದ್ದು ನಿಧಾನಕ್ಕೆ 90 ದಾಟಿ, ಕಬ್ಬಿಣದ ಕೊರತೆ ಇದ್ದರೂ ಎಲ್ಲ ಸರಿ ಇದ್ದಂತೆ ಕಾಣಬಹುದು. ಅದಕ್ಕೇ ಎಂಸಿವಿ ಒಂದನ್ನೇ ನೋಡದೆ ಫೆರಿಟಿನ್ ಕೇಳಿ.