ಜವಳಿ ಅಂಗಡಿಯ ರಿಯಾಯಿತಿ: ನಿರ್ಧಾರ ಕೋಷ್ಟಕದಿಂದ ಮೌಲ್ಯಮಾಪಕರ ಸೂಚನೆಯವರೆಗೆ

ಸಣ್ಣ ಜವಳಿ ಅಂಗಡಿಯೊಂದರ ಮಾಲೀಕರು ಹೀಗೆ ಹೇಳಿದರು ಎಂದುಕೊಳ್ಳಿ: “ಶೇ 5ರವರೆಗೆ ಸೇಲ್ಸ್‌ಮನ್ನೇ ಬಿಡಲಿ. ಹಳೆಯ ಗಿರಾಕಿಗಾದರೆ ಶೇ 10ರವರೆಗೆ ಮ್ಯಾನೇಜರ್ ಒಪ್ಪಬಹುದು. ಅದಕ್ಕೂ ಹೆಚ್ಚು ಕೇಳಿದರೆ ನನ್ನ ಬಳಿ ಕಳುಹಿಸಿ. ಆಫರ್ ಮಾಲಿಗೆ ಮತ್ತೆ ರಿಯಾಯಿತಿ ಇಲ್ಲ.” ಕೇಳುವಾಗ ಎಲ್ಲವೂ ಸರಿಯಾಗಿದೆ ಎನಿಸುತ್ತದೆ. ಆದರೆ ಹೊಸ ಗಿರಾಕಿ ಶೇ 8 ಕೇಳಿದರೆ ಯಾರು ಒಪ್ಪಬೇಕು? ಅದಕ್ಕೆ ಇಲ್ಲಿ ಉತ್ತರವಿಲ್ಲ.

ಇಂಥ ಬಿಟ್ಟುಹೋದ ಜಾಗ ಲೆಕ್ಕದಲ್ಲಿ ಸಿಕ್ಕಿಬೀಳುತ್ತದೆ. ರಿಯಾಯಿತಿಗೆ ಮೂರು ಹಂತ, ಆಫರ್ ಮಾಲು ಹೌದು ಅಥವಾ ಅಲ್ಲ, ಹಳೆಯ ಗಿರಾಕಿ ಹೌದು ಅಥವಾ ಅಲ್ಲ: 3 × 2 × 2, ಒಟ್ಟು 12 ಸಂದರ್ಭಗಳು. ಮಾಲೀಕರನ್ನು ಮತ್ತೆ ಕೇಳಿ ತುಂಬಿದ ಕೋಷ್ಟಕ ಇದು. ಗೆರೆ (–) ಇದ್ದಲ್ಲಿ ಆ ಷರತ್ತನ್ನು ನೋಡಬೇಕಾಗಿಲ್ಲ.

| ನಿಯಮ | ಆಫರ್ ಮಾಲು | ರಿಯಾಯಿತಿ | ಹಳೆಯ ಗಿರಾಕಿ | ನಿರ್ಧಾರ | ಸಂದರ್ಭ |
|---|---|---|---|---|---|
| 1 | ಹೌದು | – | – | ಇಲ್ಲ | 6 |
| 2 | ಅಲ್ಲ | ಶೇ 5ರವರೆಗೆ | – | ಸೇಲ್ಸ್‌ಮನ್ | 2 |
| 3 | ಅಲ್ಲ | 5 ಮೀರಿ 10ರವರೆಗೆ | ಹೌದು | ಮ್ಯಾನೇಜರ್ | 1 |
| 4 | ಅಲ್ಲ | 5 ಮೀರಿ 10ರವರೆಗೆ | ಅಲ್ಲ | ಮಾಲೀಕರು | 1 |
| 5 | ಅಲ್ಲ | 10 ಮೀರಿ | ಹೌದು | ಮಾಲೀಕರು | 1 |
| 6 | ಅಲ್ಲ | 10 ಮೀರಿ | ಅಲ್ಲ | ಇಲ್ಲ | 1 |

ಕೊನೆಯ ಕಾಲಂ ಕೂಡಿದರೆ 12 ಬರಬೇಕು. ಕಡಿಮೆ ಬಂದರೆ ಯಾವುದೋ ಸಂದರ್ಭ ಬಿಟ್ಟುಹೋಗಿದೆ. ಹೆಚ್ಚು ಬಂದರೆ ಎರಡು ನಿಯಮಗಳು ಒಂದೇ ಬಿಲ್ಲಿನ ಮೇಲೆ ಬೀಳುತ್ತಿವೆ. ಮೊತ್ತ ಸರಿಬಂದರೂ ಒಂದು ಕಡೆ ಬಿಟ್ಟು ಇನ್ನೊಂದು ಕಡೆ ಎರಡು ಸಲ ಎಣಿಸಿರಬಹುದು, ಹಾಗಾಗಿ ಸಂದರ್ಭಗಳನ್ನು ಒಂದೊಂದಾಗಿ ಗುರುತು ಹಾಕಿಯೂ ನೋಡಿ.

ತಿಂಗಳ ಕೊನೆಗೆ ಬಿಲ್ಲುಗಳನ್ನು ಪರಿಶೀಲಿಸುವ ಮೌಲ್ಯಮಾಪಕರ ಕೈಗೆ ಕೋಷ್ಟಕವೊಂದನ್ನೇ ಕೊಟ್ಟರೆ ಸಾಲದು. ಉದಾಹರಣೆಗೆ, 2,400 ರೂಪಾಯಿಯ ಸೀರೆಗೆ 240 ರೂಪಾಯಿ ಬಿಟ್ಟಿದ್ದಾರೆ ಎನ್ನಿ. ಮೂಲ ಬೆಲೆಯ ಮೇಲೆ ಇದು ಸರಿಯಾಗಿ ಶೇ 10. ಹಳೆಯ ಗಿರಾಕಿಯಾದರೆ ಮ್ಯಾನೇಜರ್ ಸಹಿ ಸಾಕು. ಕೊಟ್ಟ ಹಣ 2,160ರ ಮೇಲೆ ಲೆಕ್ಕ ಹಾಕಿದವರಿಗೆ ಶೇ 11.1 ಬಂದು, ಅದೇ ಸಹಿ ತಪ್ಪಾಗಿ ಕಾಣುತ್ತದೆ. “ಹಳೆಯ ಗಿರಾಕಿ” ಎಂಬುದನ್ನೂ ಒಬ್ಬೊಬ್ಬರು ಒಂದೊಂದು ರೀತಿ ತಿಳಿಯುತ್ತಾರೆ. ಆದ್ದರಿಂದ ಸೂಚನೆಯನ್ನು ಹೀಗೆ ಬರೆಯುತ್ತೇನೆ:

> ಬಿಲ್ಲಿನ ಪ್ರತಿ ಮಾಲನ್ನೂ ಬೇರೆಯಾಗಿ ನೋಡಿ. ಮೊದಲು ಆಫರ್ ಪಟ್ಟಿ ನೋಡಿ. ಮಾಲು ಅದರಲ್ಲಿದ್ದು ಮತ್ತೆ ರಿಯಾಯಿತಿ ಕೊಟ್ಟಿದ್ದರೆ “ತಪ್ಪು” ಎಂದು ಬರೆದು ಮುಂದಿನ ಮಾಲಿಗೆ ಹೋಗಿ. ಮಾಲು ಆ ಪಟ್ಟಿಯಲ್ಲಿ ಇಲ್ಲದಿದ್ದರೆ ಮೂಲ ಬೆಲೆಯ ಮೇಲೆ ಶೇಕಡಾ ಲೆಕ್ಕ ಹಾಕಿ, ಅಂಕಿಯನ್ನು ದುಂಡಗೆ ಮಾಡಬೇಡಿ. ಹಿಂದಿನ 12 ತಿಂಗಳಲ್ಲಿ ಅದೇ ಮೊಬೈಲ್ ಸಂಖ್ಯೆಗೆ ಕನಿಷ್ಠ 3 ಬಿಲ್ಲುಗಳಿದ್ದರೆ ಮಾತ್ರ ಹಳೆಯ ಗಿರಾಕಿ. ಕೋಷ್ಟಕ ಹೇಳುವವರ ಅಥವಾ ಅವರ ಮೇಲಿನವರ ಸಹಿ ಇದ್ದರೆ “ಸರಿ”. ನಿಯಮ 6ರಲ್ಲಿ ಯಾರ ಸಹಿ ಇದ್ದರೂ “ತಪ್ಪು”. ಷರತ್ತು ತೀರ್ಮಾನಿಸಲು ಬೇಕಾದ ಮಾಹಿತಿ ಬಿಲ್ಲಿನಲ್ಲಿ ಇಲ್ಲದಿದ್ದರೆ ಊಹಿಸದೆ “ನಿರ್ಧರಿಸಲಾಗದು” ಎಂದು ಬರೆಯಿರಿ. ಪ್ರತಿ ತೀರ್ಪಿನ ಪಕ್ಕ ನಿಯಮದ ಸಂಖ್ಯೆ ಇರಲಿ.

ಕೊನೆಯ ವಾಕ್ಯವನ್ನು ಬಿಡಬೇಡಿ. ಒಂದೇ ಬಿಲ್ಲಿಗೆ ಇಬ್ಬರು ಬೇರೆ ತೀರ್ಪು ಕೊಟ್ಟಾಗ, ಇಬ್ಬರೂ ಒಂದೇ ನಿಯಮ ಸಂಖ್ಯೆ ಬರೆದಿದ್ದರೆ ಜಗಳ ಸಹಿಯ ಬಗ್ಗೆ. ಸಂಖ್ಯೆಯೇ ಬೇರೆಯಾಗಿದ್ದರೆ ಆಫರ್ ಪಟ್ಟಿ ನೋಡಿದ್ದರಲ್ಲೋ ಲೆಕ್ಕದಲ್ಲೋ ಗಿರಾಕಿಯ ವ್ಯಾಖ್ಯೆಯಲ್ಲೋ ಭಿನ್ನತೆ ಇದೆ. ಎಲ್ಲ ಗಡಿಗಳಿಗೂ, ಅಂದರೆ ಶೇ 5, 5.01, 10, 10.01ಕ್ಕೆ, ಒಂದೊಂದು ಮಾದರಿ ಬಿಲ್ಲು ಮಾಡಿ ಇಬ್ಬರಿಂದ ಬೇರೆ ಬೇರೆಯಾಗಿ ತೀರ್ಪು ಬರೆಸಿದರೆ, ಸೂಚನೆಯ ಯಾವ ವಾಕ್ಯವನ್ನು ತಿದ್ದಬೇಕು ಎಂಬುದು ಮೊದಲೇ ಗೊತ್ತಾಗುತ್ತದೆ.