ರೂಪಾಯಿ ಬಿದ್ದರೆ ಬಂಕಿನಲ್ಲಿ ಎಷ್ಟು ಏರಬೇಕು? ಫೈನಾನ್ಸ್ ಕ್ಲಬ್ ಭಾಷಣದ ನನ್ನ ಟಿಪ್ಪಣಿ

ಶನಿವಾರ ನಮ್ಮ ಕಾಲೇಜಿನ ಫೈನಾನ್ಸ್ ಕ್ಲಬ್ಬಿಗೆ ಬ್ಯಾಂಕಿನ ವಿದೇಶಿ ವಿನಿಮಯ ವಿಭಾಗದಲ್ಲಿ ಕೆಲಸ ಮಾಡಿದ ಮೇಡಂ ಒಬ್ಬರು ಬಂದಿದ್ದರು. ಶಿವಮೊಗ್ಗದ ಮಳೆ ಗೊತ್ತಲ್ಲ, ಶುರುವಾದ ಹತ್ತೇ ನಿಮಿಷಕ್ಕೆ ಕರೆಂಟ್ ಹೋಯಿತು. ಸ್ಲೈಡ್ ಬಿಟ್ಟು ಸೀಮೆಸುಣ್ಣ ಹಿಡಿದರು. ನನಗೆ ಅರ್ಥವಾಗಿದ್ದು ಅದರಿಂದಲೇ ಇರಬೇಕು. ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ರೂಪಾಯಿ ಯಾಕೆ ಬೀಳುತ್ತದೆ ಅನ್ನುವುದನ್ನು ಬಿಡುತ್ತೇನೆ. ಡಾಲರ್ ಬೇಕೆನ್ನುವವರು ಜಾಸ್ತಿ, ಕೊಡುವವರು ಕಡಿಮೆ, ಅಷ್ಟೇ. ಒಂದು ಮಾತು ಮಾತ್ರ ನೆನಪಿರಲಿ: ಡಾಲರ್ 80ರಿಂದ 90 ಆಯಿತು ಅಂದರೆ ಅಂಕಿ ಏರಿದೆ, ರೂಪಾಯಿ ಬಿದ್ದಿದೆ. ಡಾಲರ್ 12.5% ದುಬಾರಿಯಾಗಿದೆ. ಇಡೀ ಲೆಕ್ಕಕ್ಕೆ ಈ 80 ಮತ್ತು 90ನ್ನೇ ಇಟ್ಟುಕೊಳ್ಳೋಣ.

ಮಂಗಳೂರಿನ ಪೆಟ್ರೋಲಿಗೆ ಡಾಲರ್ ಯಾಕೆ?

ನನ್ನ ಮೊದಲ ಪ್ರಶ್ನೆ ಇದೇ. ನಾವು ಕಚ್ಚಾ ತೈಲದಲ್ಲಿ ಶೇ. 85ಕ್ಕಿಂತ ಹೆಚ್ಚನ್ನು ಹೊರಗಿನಿಂದ ತರಿಸುತ್ತೇವೆ, ಅದಕ್ಕೆ ಡಾಲರ್ ಕೊಡಬೇಕು, ಸರಿ. ಆದರೆ ಸಂಸ್ಕರಣೆ ಮಂಗಳೂರಲ್ಲೇ ಆಗುತ್ತದಲ್ಲ, ಆ ಖರ್ಚು ರೂಪಾಯಿಯಲ್ಲೇ ಅಲ್ವಾ?

ಮೇಡಂ ತಿರುಗಿ ಕೇಳಿದರು: "ನಿಮ್ಮನೇಲಿ ಅಡಿಕೆ ತೋಟ ಇದೆಯಾ?" ಇದೆ ಮೇಡಂ, ತೀರ್ಥಹಳ್ಳಿ ಹತ್ತಿರ. "ಪಕ್ಕದ ಮನೆಯವರು ಒಂದು ಮೂಟೆ ರಾಶಿ ಅಡಿಕೆ ಕೇಳಿದರೆ ಅಪ್ಪ ಯಾವ ರೇಟು ಹೇಳ್ತಾರೆ? ಗೊಬ್ಬರ, ಕೊನೆ ಕೊಯ್ಲಿನ ಕೂಲಿ ಕೂಡಿಸಿ ಹೇಳ್ತಾರಾ, ಶಿವಮೊಗ್ಗ ಮಂಡಿ ರೇಟು ಹೇಳ್ತಾರಾ?"

ಮಂಡಿ ರೇಟೇ. ಇನ್ನೇನು!

ಪೆಟ್ರೋಲೂ ಹಾಗೆಯೇ. ಸಂಸ್ಕರಣಾಗಾರ ತೈಲ ಕಂಪನಿಗೆ ಕೊಡುವ ಬೆಲೆಗೆ ತನ್ನ ಖರ್ಚು ಆಧಾರವಲ್ಲ. ಸಿದ್ಧ ಪೆಟ್ರೋಲನ್ನೇ ಹಡಗಿನಲ್ಲಿ ತರಿಸಿದ್ದರೆ ಎಷ್ಟಾಗುತ್ತಿತ್ತು ಅನ್ನುವುದೇ ಮುಖ್ಯ ಆಧಾರ. ಆ ಅಂತರರಾಷ್ಟ್ರೀಯ ಮಂಡಿಯ ರೇಟು ಡಾಲರಿನಲ್ಲಿದೆ.

ಅರ್ಧ ಡಾಲರ್ ಉಪಾಯ

ಒಂದು ಬ್ಯಾರಲ್ ಅಂದರೆ ಸುಮಾರು 159 ಲೀಟರ್. ಸಿದ್ಧ ಪೆಟ್ರೋಲಿನ ಬೆಲೆ ಬ್ಯಾರಲ್‌ಗೆ 79.5 ಡಾಲರ್ ಅಂದುಕೊಳ್ಳಿ. ಆಗ ಲೀಟರಿಗೆ ಸರಿಯಾಗಿ ಅರ್ಧ ಡಾಲರ್. ಡಾಲರ್ 80 ಇದ್ದಾಗ 40 ರೂಪಾಯಿ, 90 ಆದಾಗ 45 ರೂಪಾಯಿ. ಡಾಲರ್ ಒಂದು ರೂಪಾಯಿ ಏರಿದರೆ ಲೀಟರಿಗೆ 50 ಪೈಸೆ ಏರಿದ ಹಾಗೆ. ಬ್ಯಾರಲ್ ಬೆಲೆ ಬೇರೆಯಾದರೆ ಅದನ್ನು 159ರಿಂದ ಭಾಗಿಸಿಕೊಂಡರಾಯಿತು.

ನಾನು ಮುಗ್ಗರಿಸಿದ್ದು ಇಲ್ಲಿ

ಡಾಲರ್ 12.5% ಏರಿತಲ್ಲ, ಪೆಟ್ರೋಲೂ 12.5% ಏರುತ್ತದೆ ಅಂತ ನಾನು ಕೈ ಎತ್ತಿ ಹೇಳಿದೆ. ಮೇಡಂ ಸೀಮೆಸುಣ್ಣ ನನ್ನ ಕೈಗೇ ಕೊಟ್ಟರು. ಬೋರ್ಡಿನ ಮುಂದೆ ನಿಂತು ಬೆವರಿದೆ. ಹಾಗಾಗಿ ಇದನ್ನು ನಿಧಾನವಾಗಿ ಬರೆಯುತ್ತೇನೆ.

ಲೀಟರಿನ ಮೇಲೆ ಎರಡು ಜಾತಿಯ ಸೇರ್ಪಡೆ ಇದೆ. ಒಂದು, ಲೀಟರಿಗೆ ಇಂತಿಷ್ಟು ರೂಪಾಯಿ ಅಂತ ನಿಗದಿಯಾದದ್ದು. ಕೇಂದ್ರದ ಅಬಕಾರಿ ಸುಂಕವನ್ನು ನಾವು 22 ರೂಪಾಯಿ ಅಂತ ಹಿಡಿದೆವು, ಡೀಲರ್ ಕಮಿಷನ್ 4 ರೂಪಾಯಿ. ಒಟ್ಟು 26. ಇನ್ನೊಂದು, ಶೇಕಡಾ ಲೆಕ್ಕದ ರಾಜ್ಯದ ಮಾರಾಟ ತೆರಿಗೆ. ಅದನ್ನು 30% ಅಂತ ಹಿಡಿದೆವು.

ಮೊದಲು ಆ 26 ಇಲ್ಲವೇ ಇಲ್ಲ ಅಂದುಕೊಂಡು ನೋಡಿ. ಹಳೆಯ ಬೆಲೆ 40ಕ್ಕೆ 30% ಸೇರಿ 52. ಹೊಸದು 45ಕ್ಕೆ 30% ಸೇರಿ 58.50. ಏರಿದ್ದು ಆರೂವರೆ ರೂಪಾಯಿ, ಅಂದರೆ ಸರಿಯಾಗಿ 12.5%. ನಾನು ಹೇಳಿದ್ದೇ ಸರಿ!

ಈಗ 26 ಸೇರಿಸಿ. ಹಳೆಯದು 66ಕ್ಕೆ 30% ಸೇರಿ 85.80. ಹೊಸದು 71ಕ್ಕೆ 30% ಸೇರಿ 92.30. ಏರಿದ್ದು ಮತ್ತೆ ಅದೇ ಆರೂವರೆ. ಆದರೆ 85.80ರ ಮೇಲೆ ಆರೂವರೆ ಅಂದರೆ 7.6% ಮಾತ್ರ.

ನನ್ನ ತಲೆಗೆ ಹೊಕ್ಕಿದ್ದು ಇದು. ನಿಗದಿತ ಸುಂಕ ಏರಿಕೆಯ ರೂಪಾಯಿಯನ್ನು ಮುಟ್ಟುವುದಿಲ್ಲ, ಶೇಕಡಾವಾರನ್ನು ತೆಳ್ಳಗೆ ಮಾಡುತ್ತದೆ, ಹಾಲಿಗೆ ನೀರು ಬೆರೆಸಿದ ಹಾಗೆ. ರಾಜ್ಯದ ತೆರಿಗೆ ಉಲ್ಟಾ. ಅದು 5 ರೂಪಾಯಿಯ ಏರಿಕೆಯನ್ನು ಆರೂವರೆ ಮಾಡಿತು. ಹಾಗಾಗಿ ಉಪಾಯದ ಪೂರ್ತಿ ರೂಪ: ಡಾಲರ್ ಒಂದು ರೂಪಾಯಿ ಏರಿದರೆ ಬಂಕಿನಲ್ಲಿ 65 ಪೈಸೆ ಏರಬೇಕು. ಇದನ್ನು ನೋಟ್‌ಬುಕ್ಕಿನ ಹಿಂದಿನ ರಟ್ಟಿನ ಮೇಲೂ ಬರೆದುಕೊಂಡಿದ್ದೇನೆ.

ಏರಬೇಕು, ಆದರೆ ಏರುತ್ತದಾ?

2017ರ ಜೂನ್‌ನಿಂದ ದೇಶದಲ್ಲೆಲ್ಲ ದಿನಾ ಬೆಲೆ ಪರಿಷ್ಕರಿಸುವ ಪದ್ಧತಿ ಇದೆ. ಕಾಗದದ ಮೇಲೆ. 2022ರ ಮೇ ಕೊನೆಯಿಂದ 2024ರ ಮಾರ್ಚ್‌ವರೆಗೆ ನಮ್ಮ ಬಂಕಿನ ಬೋರ್ಡು ಹೆಚ್ಚುಕಡಿಮೆ ಅಲ್ಲಾಡಲಿಲ್ಲ. ಅಷ್ಟರಲ್ಲಿ ಡಾಲರ್ ಸುಮಾರು 78ರಿಂದ 83ಕ್ಕೆ ಬಂದಿತ್ತು. ಬರೀ ಅದರ ಲೆಕ್ಕಕ್ಕೆ ಮೂರೂಕಾಲು ರೂಪಾಯಿ ಏರಬೇಕಿತ್ತು. ತೈಲ ದುಬಾರಿಯಾಗಿದ್ದಾಗ ಕಂಪನಿಗಳು ನಷ್ಟ ನುಂಗಿದವು, ತೈಲ ಇಳಿದಾಗ ಬೆಲೆ ಇಳಿಸದೆ ತುಂಬಿಕೊಂಡವು. ರೂಪಾಯಿಯ ಪೆಟ್ಟು ಆ ಇಳಿಯದ ಬೆಲೆಯೊಳಗೆ ಅಡಗಿತ್ತು. ಮೇಲಿನ 92.30 ಬೋರ್ಡಿನ ಬೆಲೆಗೆ ಹೊಂದದಿದ್ದರೆ ಗಾಬರಿ ಬೇಡ. ಬ್ಯಾರಲ್ ಬೆಲೆ, ಕಂಪನಿಯ ಲಾಭ, ಸಾಗಾಣಿಕೆ ಎಲ್ಲ ಅದರಲ್ಲಿ ಆಡುತ್ತವೆ.

ಒಂದೇ ರಾತ್ರಿಯಲ್ಲಿ ದೊಡ್ಡ ಜಿಗಿತ ಕಂಡರೆ ಮೊದಲು ತೆರಿಗೆಯನ್ನು ಅನುಮಾನಿಸಿ ಅಂದರು ಮೇಡಂ. 2024ರ ಜೂನ್‌ನಲ್ಲಿ ನಮ್ಮಲ್ಲಿ ಪೆಟ್ರೋಲ್ 3 ರೂಪಾಯಿ ಏರಿದ್ದಕ್ಕೂ ಡಾಲರಿಗೂ ಸಂಬಂಧವಿಲ್ಲ. ರಾಜ್ಯದ ತೆರಿಗೆ 25.92%ರಿಂದ 29.84%ಕ್ಕೆ ಹೋಗಿತ್ತು.

ಫೋನು

ಇದಕ್ಕೆ ಬರುವಾಗ ಗಂಟೆ ಐದಾಗಿತ್ತು, ಬೇಗ ಮುಗಿಸಿದರು. ಫೋನ್ ಇಲ್ಲೇ ಜೋಡಿಸಿದ್ದರೂ ಚಿಪ್, ಡಿಸ್‌ಪ್ಲೇ, ಕ್ಯಾಮೆರಾದಂಥ ದುಬಾರಿ ಭಾಗಗಳು ಬಹುಪಾಲು ಹೊರಗಿನವು. 20,000 ರೂಪಾಯಿಯ ಫೋನಿನಲ್ಲಿ 120 ಡಾಲರಿನ ಭಾಗಗಳಿವೆ ಅಂದುಕೊಳ್ಳಿ. ಡಾಲರ್ 80ರಿಂದ 90 ಆದರೆ 1,200 ರೂಪಾಯಿ ಹೆಚ್ಚು. ಅದರ ಮೇಲೆ 18% ಜಿಎಸ್‌ಟಿ ಸೇರಿ 1,416. ಇಲ್ಲಿ ನೀರು ಬೆರೆಸುವ ಕೆಲಸ ಮಾಡುವುದು ರೂಪಾಯಿಯಲ್ಲೇ ಆಗುವ ಖರ್ಚುಗಳು: ಜೋಡಣೆಯ ಕೂಲಿ, ಜಾಹೀರಾತು, ಅಂಗಡಿಯವರ ಕಮಿಷನ್.

ಆದರೆ 19,999ರ ಚೀಟಿ 21,415 ಆಗಿದ್ದನ್ನು ಯಾರಾದರೂ ನೋಡಿದ್ದೀರಾ? ಕಂಪನಿಗಳು ಮುಂದಿನ ಕೆಲವು ತಿಂಗಳ ಡಾಲರಿಗೆ ಮೊದಲೇ ಬ್ಯಾಂಕಿನಲ್ಲಿ ದರ ಕಟ್ಟಿಸಿಕೊಂಡಿರುತ್ತವೆ. ಇದಕ್ಕೆ ಫಾರ್ವರ್ಡ್ ಕವರ್ ಅನ್ನುತ್ತಾರೆ, ಮೇಡಂ ಮಾಡುತ್ತಿದ್ದ ಕೆಲಸವೇ ಅದು. ಆ ಅವಧಿ ಮುಗಿದ ಮೇಲೆ ಪೆಟ್ಟು ಕಳ್ಳದಾರಿಯಲ್ಲಿ ಬರುತ್ತದೆ. ಹಬ್ಬದ ರಿಯಾಯಿತಿ ಸಣ್ಣದಾಗುತ್ತದೆ, ಡಬ್ಬಿಯಿಂದ ಚಾರ್ಜರ್ ಮಾಯವಾಗುತ್ತದೆ, ಅದೇ ಬೆಲೆಗೆ ಸ್ಟೋರೇಜ್ ಕಡಿಮೆಯಾಗುತ್ತದೆ.

ಭಾಷಣ ಮುಗಿಸಿ ಗೆಳೆಯನ ಜೊತೆ ನೆಹರೂ ರಸ್ತೆಯ ಒಂದು ಫೋನ್ ಅಂಗಡಿಗೆ ಹೋದೆ. ಅವನಿಗೆ ಹೊಸ ಮಾಡೆಲ್ ಬೇಕಿತ್ತು. ಅಂಗಡಿಯವರು ಹಿಂದಿನ ಮಾಡೆಲನ್ನೂ ಪಕ್ಕಕ್ಕಿಟ್ಟರು. ರ‍್ಯಾಮ್ ಅಷ್ಟೇ, ಸ್ಟೋರೇಜ್ ಅಷ್ಟೇ, ಹೊಸದಕ್ಕೆ ಎರಡು ಸಾವಿರ ಜಾಸ್ತಿ. "ಇದು ಹಳೇ ಸ್ಟಾಕು ಮಾರಾಯ, ಇನ್ನೆರಡೇ ಪೀಸ್ ಇರೋದು" ಅಂದರು. ಗೆಳೆಯ ಹಳೆಯದನ್ನೇ ತಗೊಂಡ. ಅದರ ಡಬ್ಬಿಯಲ್ಲಿ ಚಾರ್ಜರೂ ಇತ್ತು.